ಬಾಗಿಲ ಮೇಲಿನ ‘ನಾಳೆ ಬಾ’

1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿದ್ದವರಿಗೆ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ‘ನಾಳೆ ಬಾ’ ಎಂಬ ಬರಹ ನೆನಪಿದ್ದೀತು. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಕರೆಯುವ ದೆವ್ವವೊಂದು ಬೀದಿಯಲ್ಲಿ ಸುತ್ತುತ್ತದೆ, ಬಾಗಿಲ ಮೇಲಿನ ಬರಹವನ್ನು ಓದಿ ಮರಳಿ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದಿ ಮತ್ತೆ ಮರಳುತ್ತದೆ ಎಂಬುದು ಆಗಿನ ವದಂತಿ. ದೆವ್ವಕ್ಕೆ ಅಕ್ಷರ ಬರುತ್ತದೆ, ತಾರೀಕು ಮಾತ್ರ ತಿಳಿಯುವುದಿಲ್ಲ ಎಂದು ನಾವು ಹುಡುಗರು ನಗುತ್ತಿದ್ದೆವು. ಈಗ ಮುಂಬಯಿಯಲ್ಲಿ ಕುಳಿತು, ಕೈಯಲ್ಲಿರುವ ಫೋನಿನಲ್ಲಿ ದಿನಕ್ಕೆ ಹತ್ತಾರು ಬಾರಿ ನಾನೇ ಆ ಬರಹವನ್ನು ಬರೆಯುತ್ತಿದ್ದೇನೆ. ವ್ಯತ್ಯಾಸವಿಷ್ಟೆ: ಬಾಗಿಲಿಗೆ ಬಂದು ನಿಂತಿರುವುದು ದೆವ್ವವಲ್ಲ, ಪರಿಚಿತರೇ. ಮತ್ತು ನನ್ನ ಬರಹ ಬಾಗಿಲ ಒಳಮುಖದಲ್ಲಿದೆ. ಹೊರಗೆ ನಿಂತವರಿಗೆ ಅದು ಕಾಣುವುದೇ ಇಲ್ಲ.

ಸಂದೇಶವನ್ನು ‘ಸ್ನೂಜ್’ ಮಾಡುವುದು ಎಂದು ಕರೆಯಲಾಗುವ ಸೌಲಭ್ಯದ ಬಗ್ಗೆ ಹೇಳುತ್ತಿದ್ದೇನೆ. ಯಾರೋ ಒಂದು ಸಂದೇಶ ಕಳಿಸುತ್ತಾರೆ. ಈಗ ಉತ್ತರಿಸಲು ಆಗುವುದಿಲ್ಲ. ಅದರ ಮೇಲೆ ಬೆರಳೊತ್ತಿ ಹಿಡಿದರೆ, ಇಂತಿಷ್ಟು ಹೊತ್ತಿನ ನಂತರ ನೆನಪಿಸಬೇಕೆ ಎಂದು ಆ್ಯಪ್ ಕೇಳುತ್ತದೆ. ಒಂದನ್ನು ಆರಿಸಿ ನಾವು ಮುಂದೆ ಹೋಗುತ್ತೇವೆ. ಅನುಕೂಲವಾದ ಸಾಧನವೆಂದು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳಿದ್ದೇನೆ. ಈ ಬರಹ ಆ ಹೊಗಳಿಕೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿ. ಕಳಿಸಿದವರಿಗೆ ಒಂದು ಸಾಲನ್ನೂ ತಿಳಿಸದೆ ಸಂದೇಶವನ್ನು ಮುಂದೂಡುವುದು ಅಸೌಜನ್ಯ ಮಾತ್ರವಲ್ಲ, ಅದೊಂದು ಬಗೆಯ ಆತ್ಮವಂಚನೆಯೂ ಹೌದು ಎಂಬುದು ನನ್ನ ವಾದ. ವಾದಕ್ಕೆ ಆಧಾರ ನನ್ನದೇ ಒಂದು ತಪ್ಪು. ಆದ್ದರಿಂದ ಅದನ್ನು ವಿವರವಾಗಿಯೇ ಹೇಳುತ್ತೇನೆ.

ನಮ್ಮ ಬಳಗದ ವಾರ್ಷಿಕ ಸಂಚಿಕೆಯ ಕೆಲಸಕ್ಕೆ ಹೈದರಾಬಾದಿನ ತರುಣ ಮಿತ್ರರೊಬ್ಬರು ಸ್ಲ್ಯಾಕ್‌ನಲ್ಲಿ ಒಂದು ಜಾಗ ಮಾಡಿಕೊಟ್ಟಿದ್ದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬದ ಶುಭಾಶಯಗಳ ನಡುವೆ ಕರಡುಗಳು ಕಳೆದುಹೋಗುತ್ತವೆ ಎಂಬುದು ಅವರ ದೂರು, ಅದು ನ್ಯಾಯವೂ ಆಗಿತ್ತು. ಒಂದು ಮಂಗಳವಾರ ಬೆಳಿಗ್ಗೆ, ಮರಾಠಿ ಕಥೆಯೊಂದನ್ನು ನಮಗಾಗಿ ಅನುವಾದಿಸಿದ್ದ ಪುಣೆಯ ಸೋದರಿಯಿಂದ ಸಂದೇಶ ಬಂತು. “ಸರ್, ಮೂಲ ಲೇಖಕರು ನಿಮಗೆ ಬರೆದ ಅನುಮತಿ ಪತ್ರದಲ್ಲಿ ಮುದ್ರಣಕ್ಕೆ ಮಾತ್ರ ಒಪ್ಪಿಗೆಯಿದೆಯೋ, ಜಾಲತಾಣಕ್ಕೂ ಇದೆಯೋ, ನೋಡಿ ಹೇಳುವಿರಾ? ಮುದ್ರಣಕ್ಕೆ ಮಾತ್ರ ಇದ್ದರೆ ಶುಕ್ರವಾರ ಸಂಜೆ ಅವರನ್ನು ಕಾಣುವವಳಿದ್ದೇನೆ, ಇನ್ನೊಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ. ಶನಿವಾರ ಅವರು ಊರಿಗೆ ಹೊರಡುತ್ತಾರೆ.” ಇದಕ್ಕಿಂತ ಸ್ಪಷ್ಟವಾಗಿ ಯಾರೂ ಕೇಳಲಾರರು. ಏನು ಬೇಕು, ಏಕೆ ಬೇಕು, ಯಾವಾಗಿನೊಳಗೆ ಬೇಕು ಎಲ್ಲವೂ ಅದರಲ್ಲಿತ್ತು.

ಸಂದೇಶ ಓದಿದಾಗ ನಾನು ಬೋರಿವಲಿಯಿಂದ ಚರ್ಚ್‌ಗೇಟಿಗೆ ಹೋಗುವ ಫಾಸ್ಟ್ ಲೋಕಲ್‌ನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದೆ. ಅನುಮತಿ ಪತ್ರ ಮನೆಯ ಕಪಾಟಿನಲ್ಲಿ, ನೀಲಿ ಫೈಲಿನಲ್ಲಿತ್ತು. ಸ್ಲ್ಯಾಕ್‌ನ ನೆನಪೋಲೆಯ ಪಟ್ಟಿಯಲ್ಲಿ ಇಪ್ಪತ್ತು ನಿಮಿಷ, ಒಂದು ಗಂಟೆ, ಮೂರು ಗಂಟೆ, ನಾಳೆ, ಮುಂದಿನ ವಾರ ಎಂಬ ಸಿದ್ಧ ಆಯ್ಕೆಗಳಿವೆ. ಕೊನೆಯಲ್ಲಿ, ನಮಗೆ ಬೇಕಾದ ದಿನ ಮತ್ತು ಹೊತ್ತನ್ನು ನಾವೇ ಹೇಳುವ ಅವಕಾಶವೂ ಇದೆ. ನಾನು ಎಲ್ಲಕ್ಕಿಂತ ಮೇಲಿದ್ದ ಇಪ್ಪತ್ತು ನಿಮಿಷವನ್ನು ಒತ್ತಿದೆ. ಏಕೆ? ಅದು ಮೇಲಿತ್ತು, ಅಷ್ಟೆ. ಇಪ್ಪತ್ತು ನಿಮಿಷದ ನಂತರ ನಾನು ಅದೇ ಗಾಡಿಯಲ್ಲಿ, ಅದೇ ಹಿಡಿಕೆಗೆ ಜೋತುಬಿದ್ದು, ಬಾಂದ್ರಾದ ಆಸುಪಾಸಿನಲ್ಲಿದ್ದೆ. ಮೂರು ಗಂಟೆ ಎಂದು ಒತ್ತಿದೆ. ಮೂರು ಗಂಟೆಯ ನಂತರ ಕಚೇರಿಯ ಸಭೆಯೊಂದರಲ್ಲಿದ್ದೆ. ನಾಳೆ ಎಂದು ಒತ್ತಿದೆ.

ಇಲ್ಲಿ ಒಂದು ಸಣ್ಣ ವಿವರವನ್ನು ಓದುಗರು ಗಮನಿಸಬೇಕು. ಆ ಪಟ್ಟಿಯ ‘ನಾಳೆ’ ಎಂದರೆ ನಾಳೆ ಬೆಳಿಗ್ಗೆ ಒಂಬತ್ತು ಗಂಟೆ. ‘ಮುಂದಿನ ವಾರ’ ಎಂದರೆ ಸೋಮವಾರ ಬೆಳಿಗ್ಗೆ ಒಂಬತ್ತು. ಮೇಜಿನ ಮುಂದೆ ಒಂಬತ್ತಕ್ಕೆ ಸರಿಯಾಗಿ ಕುಳಿತುಕೊಳ್ಳುವ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಗೊತ್ತುಮಾಡಿರಬೇಕು. ನನ್ನ ಒಂಬತ್ತು ಗಂಟೆ ಅಂಧೇರಿಯ ಹತ್ತಿರ, ಗಾಡಿಯೊಳಗೆ. ಬುಧವಾರ ಒಂಬತ್ತಕ್ಕೆ ನೆನಪೋಲೆ ಬಂದಾಗ ಮಂಗಳವಾರ ಸಂದೇಶ ಓದಿದಾಗ ಎಲ್ಲಿದ್ದೆನೋ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದೆ. ಪತ್ರ ಮನೆಯಲ್ಲೇ ಇತ್ತು. ಮೂರು ಗಂಟೆ ಎಂದೆ, ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಅದು ಬಂತು, ನಾಳೆ ಎಂದೆ. ಗುರುವಾರ ಒಂಬತ್ತಕ್ಕೆ ಮತ್ತೆ ಗಾಡಿ. ಅಷ್ಟರಲ್ಲಿ ಆ ಸಂದೇಶವನ್ನು ಕಂಡರೆ ಬೇಸರ ಬರುವ ಹಂತಕ್ಕೆ ನಾನು ಬಂದಿದ್ದೆ. ಅದರ ಒಳಗನ್ನು ಓದದೆ, ಮೊದಲ ಸಾಲಿನ ಗುರುತು ಹಿಡಿದೇ ‘ಮುಂದಿನ ವಾರ’ ಎಂದು ಒತ್ತಿದೆ. ಒಟ್ಟು ಆರು ಬಾರಿ.

ಶುಕ್ರವಾರ ಏನೂ ಸದ್ದಾಗಲಿಲ್ಲ. ಸದ್ದಾಗುವುದಾದರೂ ಹೇಗೆ? ‘ಶುಕ್ರವಾರ’ ಎಂಬ ಪದ ಸಂದೇಶದ ಒಳಗಿತ್ತು. ಗಡಿಯಾರವಿದ್ದದ್ದು ಹೊರಗೆ, ನನ್ನ ಬೆರಳ ತುದಿಯಲ್ಲಿ. ಇವೆರಡಕ್ಕೂ ಪರಿಚಯ ಮಾಡಿಸಬೇಕಾಗಿದ್ದವನು ನಾನು, ನಾನೇ ಮಾಡಿಸಲಿಲ್ಲ. ಭಾನುವಾರ ಆಕೆಯಿಂದ ಎರಡು ಸಾಲು ಬಂತು: “ಉತ್ತರ ಬಾರದ್ದರಿಂದ ಪತ್ರ ಸರಿಯಾಗಿಯೇ ಇದೆ ಎಂದುಕೊಂಡು ಅವರಲ್ಲಿ ಕೇಳಲಿಲ್ಲ ಸರ್. ಅವರು ನಿನ್ನೆ ಊರಿಗೆ ಹೋದರು.” ಆ ರಾತ್ರಿ ಕಪಾಟು ತೆರೆದು ಫೈಲು ನೋಡಿದೆ. ಐದು ನಿಮಿಷದ ಕೆಲಸ. ಪತ್ರದಲ್ಲಿ ಮುದ್ರಣಕ್ಕೆ ಮಾತ್ರ ಒಪ್ಪಿಗೆಯಿತ್ತು. ಲೇಖಕರು ಊರಿನಿಂದ ಮರಳುವ ಹೊತ್ತಿಗೆ ನಮ್ಮ ಸಂಚಿಕೆ ಹೊರಬಂದಾಗಿತ್ತು. ಜಾಲದಲ್ಲಿ ಓದುವವರ ಪಾಲಿಗೆ ಆ ಕಥೆ ಪರಿವಿಡಿಯಲ್ಲಿ ಹೆಸರಾಗಿ ಮಾತ್ರ ಉಳಿಯಿತು. ಬಳಗದ ಓದುಗರಲ್ಲಿ ಹೆಚ್ಚಿನವರು ದೆಹಲಿ, ಚೆನ್ನೈಗಳಲ್ಲಿ ಜಾಲದಲ್ಲೇ ಓದುವವರು. ಆಕೆ ತಿಂಗಳುಗಟ್ಟಲೆ ಕೂತು ಮಾಡಿದ ಅನುವಾದ ಅವರಿಗೆ ದಕ್ಕಲಿಲ್ಲ.

ಸಾಧನ ಕೆಟ್ಟಿರಲಿಲ್ಲ ಎಂಬುದನ್ನು ಒಪ್ಪಬೇಕು. ಆರು ಬಾರಿಯೂ ಅದು ಹೇಳಿದ ಹೊತ್ತಿಗೆ ಸರಿಯಾಗಿ ಕರೆಯಿತು. ಹಾಗಾದರೆ ಕೆಟ್ಟದ್ದು ಯಾವುದು?

‘ಸ್ನೂಜ್’ ಎಂಬ ಪದ ಬಂದದ್ದು ಅಲಾರಂ ಗಡಿಯಾರದಿಂದ. 1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಸ್ನೂಜ್ ಅಲಾರಂ’ ಎಂಬ ಹೆಸರಿನ ಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಗುಂಡಿ ಒತ್ತಿದರೆ ಕೆಲವು ನಿಮಿಷ ಸುಮ್ಮನಿದ್ದು ಮತ್ತೆ ಕೂಗುವ ಯಂತ್ರ. ಅಲ್ಲಿ ಕೂಗುವುದು ಯಂತ್ರ, ಮಲಗಿರುವವನು ನಾನು, ತಡವಾದರೆ ನಷ್ಟವೂ ನನ್ನದೇ. ಮೂರನೆಯವರು ಇಲ್ಲ. 2018ರಲ್ಲಿ ಜಿಮೇಲ್ ತನ್ನ ಹೊಸ ರೂಪದಲ್ಲಿ ಇದೇ ಪದವನ್ನು ಇಮೇಲ್‌ಗೆ ಅಂಟಿಸಿತು. ಮಾತುಕತೆಯ ಆ್ಯಪ್‌ಗಳಲ್ಲಿಯೂ ಇದೇ ಉಪಾಯ ಬೇರೆ ಬೇರೆ ಹೆಸರಿನಲ್ಲಿ ನೆಲೆಸಿದೆ. ಟೆಲಿಗ್ರಾಂನಲ್ಲಿ ನಮಗೆ ನಾವೇ ಬರೆದುಕೊಳ್ಳುವ ಜಾಗದಲ್ಲಿ ಒಂದು ಸಾಲನ್ನು ಮುಂದಿನ ಹೊತ್ತಿಗೆ ನಿಗದಿ ಮಾಡಿಟ್ಟರೆ ಅದೇ ನೆನಪೋಲೆಯಾಗುತ್ತದೆ. ಪದ ಮಾತ್ರ ದಾಟಿ ಬಂತು. ಪರಿಸ್ಥಿತಿ ಬೇರೆಯಾದದ್ದನ್ನು ಯಾರೂ ಗಮನಿಸಲಿಲ್ಲ. ಇಲ್ಲಿ ಕೂಗಿದ್ದು ಯಂತ್ರವಲ್ಲ, ಒಬ್ಬ ಮನುಷ್ಯ. ನಾನು ಗುಂಡಿ ಒತ್ತಿ ಮಲಗಿದರೆ ಎಚ್ಚರವಾಗಿ ಕುಳಿತಿರುವವರು ಅವರು.

ಅವರಿಗೆ ಏನು ಕಾಣುತ್ತದೆ ಎಂದು ಒಮ್ಮೆ ಯೋಚಿಸಿ. ಸ್ಲ್ಯಾಕ್‌ನಲ್ಲಿ ಸಂದೇಶವನ್ನು ಓದಿದರೋ ಇಲ್ಲವೋ ಎಂಬ ಗುರುತೇ ಇಲ್ಲ. ನಾನು ಆರು ಬಾರಿ ಮುಂದೂಡಿದೆನೆಂಬುದು ನನ್ನ ಖಾಸಗಿ ಪಟ್ಟಿಯಲ್ಲಿ ಉಳಿಯುತ್ತದೆ. ಪುಣೆಯಲ್ಲಿ ಕುಳಿತವರಿಗೆ ಕಂಡದ್ದು ನಾಲ್ಕು ದಿನಗಳ ಬರಿಯ ಮೌನ. ವಾಟ್ಸ್‌ಆ್ಯಪ್‌ನಲ್ಲಿ 2014ರಿಂದ ನೀಲಿ ಗೆರೆಗಳಿವೆ. ಅಲ್ಲಿ ಸಂದೇಶವನ್ನು ತೆರೆದು ಓದಿ, ಮರೆಯದಿರಲೆಂದು ಮತ್ತೆ ‘ಓದಿಲ್ಲ’ ಎಂದು ಗುರುತು ಹಾಕಿಕೊಳ್ಳಬಹುದು. ನಮ್ಮ ಪರದೆಯಲ್ಲಿ ಹಸಿರು ಚುಕ್ಕೆ ಮರಳುತ್ತದೆ, ಅವರ ಪರದೆಯಲ್ಲಿ ನೀಲಿ ಗೆರೆ ನೀಲಿಯಾಗಿಯೇ ಇರುತ್ತದೆ. ಅಂದರೆ ನನ್ನ ಲೆಕ್ಕದಲ್ಲಿ ಇದು ಬಾಕಿ, ಅವರ ಲೆಕ್ಕದಲ್ಲಿ ಅಲಕ್ಷ್ಯ. ಒಂದೇ ಸಾಲದ ಬಗ್ಗೆ ಇಬ್ಬರ ಪುಸ್ತಕದಲ್ಲಿ ಎರಡು ಬರಹ. ಸಾಲಗಾರ ತನ್ನ ಪುಸ್ತಕವನ್ನು ಎಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಂಡರೂ ಕೊಟ್ಟವರಿಗೆ ಅದರಿಂದ ಏನು ಸಮಾಧಾನ?

ಈ ವಿಷಯದಲ್ಲಿ ನಮ್ಮ ಹಳೆಯ ಅಂಚೆ ಹೆಚ್ಚು ವಿವೇಕಿಯಾಗಿತ್ತು. ಮನಿ ಆರ್ಡರ್ ಕಳಿಸಿದರೆ, ಪಡೆದವರ ಸಹಿಯಿರುವ ಚೀಟಿ ಕಳಿಸಿದವರಿಗೆ ಮರಳಿ ಬರುತ್ತಿತ್ತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತ ಊರಿಗೆ ಹಣ ಕಳಿಸುತ್ತಿದ್ದ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಆ ಚೀಟಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದರು. ಚೀಟಿಯಲ್ಲಿ ಕ್ಷೇಮಸಮಾಚಾರವೇನೂ ಇರುತ್ತಿರಲಿಲ್ಲ. ತಲುಪಿತು ಎಂಬುದಷ್ಟೇ. ವಿವರವಾದ ಕಾಗದ ತಿಂಗಳು ಬಿಟ್ಟು ಬಂದರೂ ಆ ಸಹಿಯ ಬಲದಿಂದ ತಿಂಗಳು ಕಳೆಯುತ್ತಿತ್ತು. ಪತ್ರ ತಲುಪಿತು, ವಿವರ ನಂತರ ಬರೆಯುತ್ತೇನೆ ಎಂಬ ಒಂದೇ ಸಾಲಿನ ಕಾರ್ಡು ಬರೆಯುವವರೂ ಇದ್ದರು. ಕಾರ್ಡಿಗೆ ಕಾಸು ಖರ್ಚಾಗುತ್ತಿದ್ದ ಕಾಲದಲ್ಲಿ ಅದನ್ನು ಬರೆದರು. ಖರ್ಚಿಲ್ಲದ ಕಾಲದಲ್ಲಿ ನಾವು ಬರೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು, ಗುಂಡಿ ಒತ್ತಿದಾಗ ನಮ್ಮೊಳಗೆ ಆಗುವ ಹಗುರ. ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮುಗಿಯದ ಕೆಲಸ ಮನಸ್ಸಿನಲ್ಲಿದ್ದಾಗ ಅದು ಬೇರೆ ಕೆಲಸದ ನಡುವೆ ನುಸುಳಿ ಬಂದು ಕಾಡುತ್ತದೆ. ಆದರೆ ಅದನ್ನು ಹೇಗೆ ಮಾಡುವುದೆಂಬ ನಿರ್ದಿಷ್ಟ ಯೋಜನೆಯನ್ನು ಬರೆದುಕೊಂಡರೆ, ಕೆಲಸ ಇನ್ನೂ ಆಗದೆ ಇದ್ದರೂ ಆ ಕಾಟ ತಗ್ಗುತ್ತದೆ ಎಂದು ಅವರು ತೋರಿಸಿದರು. ಮನಸ್ಸು ಒಳ್ಳೆಯ ಯೋಜನೆಯನ್ನು ನಂಬಿ ಹಿಡಿತ ಸಡಿಲಿಸುತ್ತದೆ. ನನ್ನ ಅನುಭವದಲ್ಲಿ ಸ್ನೂಜ್ ಗುಂಡಿ ಈ ನಂಬಿಕೆಯನ್ನು ಅಗ್ಗವಾಗಿ ಕೊಂಡುಕೊಳ್ಳುತ್ತದೆ. ಮಂಗಳವಾರ ಗಾಡಿಯಲ್ಲಿ ಅದನ್ನು ಒತ್ತಿದ ಕೂಡಲೇ ಆ ಪ್ರಶ್ನೆ ನನ್ನ ತಲೆಯಿಂದ ಇಳಿದುಹೋಯಿತು. ಇಳಿಯಬಾರದಿತ್ತು, ಏಕೆಂದರೆ ಅಲ್ಲಿ ಯೋಜನೆಯೇ ಇರಲಿಲ್ಲ. ಎಲ್ಲಿ ಕುಳಿತು, ಯಾವುದನ್ನು ನೋಡಿ ಉತ್ತರಿಸುತ್ತೇನೆ ಎಂದು ನಾನು ನನಗೇ ಹೇಳಿಕೊಂಡಿರಲಿಲ್ಲ. ಹೊತ್ತೊಂದನ್ನು ಆರಿಸಿದ್ದೆ, ಅದೂ ಪಟ್ಟಿಯಲ್ಲಿ ಮೇಲಿದ್ದದ್ದನ್ನು. ಮಂಗಳವಾರ ಸಂಜೆ ಮನೆಗೆ ಬಂದು, ಕಪಾಟಿನ ಎದುರಿನ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದೆ ಎಂಬುದು ಈಗ ನೆನಪಾದರೆ ನಾಚಿಕೆಯಾಗುತ್ತದೆ. ಗುಂಡಿ ಒತ್ತದೆ ಇದ್ದಿದ್ದರೆ ಆ ಪ್ರಶ್ನೆ ಬಹುಶಃ ಅಲ್ಲಿ ತಾನಾಗಿಯೇ ಎದ್ದು ಬರುತ್ತಿತ್ತು.

ನೆನಪಿನ ಅಧ್ಯಯನ ಮಾಡುವವರು ಮುಂದಿನ ಕೆಲಸದ ನೆನಪನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು, ಹೊತ್ತಿಗೆ ಕಟ್ಟಿದ್ದು: ಐದಕ್ಕೆ ಔಷಧಿ. ಇನ್ನೊಂದು, ಸಂದರ್ಭಕ್ಕೆ ಕಟ್ಟಿದ್ದು: ಅಣ್ಣ ಸಿಕ್ಕಾಗ ಈ ಮಾತು ಹೇಳಬೇಕು. ಉತ್ತರ ತಡವಾಗುವ ಬಹುಪಾಲು ಸಂದೇಶಗಳು ಎರಡನೆಯ ಬಗೆಗೆ ಸೇರಿದವು ಎಂದು ನನಗೆ ಅನಿಸುತ್ತದೆ. ಪತ್ರ ಕೈಗೆ ಸಿಗಬೇಕು, ಹೆಂಡತಿಯನ್ನು ಕೇಳಬೇಕು, ಬ್ಯಾಂಕು ತೆರೆಯಬೇಕು, ಅಥವಾ ಕೋಪ ಇಳಿಯಬೇಕು. ಆ್ಯಪ್‌ನ ಪಟ್ಟಿ ಇವನ್ನೆಲ್ಲ ಗಂಟೆ ನಿಮಿಷಗಳಾಗಿ ಮಾರ್ಪಡಿಸಿ ಕೇಳುತ್ತದೆ. ನಾವು ಯೋಚಿಸದೆ ಮಾರ್ಪಡಿಸಿ ಕೊಡುತ್ತೇವೆ. ಐಫೋನಿನ ನೆನಪೋಲೆ ಆ್ಯಪ್‌ನಲ್ಲಿ, ಇಂಥ ಜಾಗ ತಲುಪಿದಾಗ ಅಥವಾ ಇಂಥವರೊಡನೆ ಸಂದೇಶ ವಿನಿಮಯ ಮಾಡುತ್ತಿರುವಾಗ ನೆನಪಿಸು ಎನ್ನುವ ಸೌಲಭ್ಯ ವರ್ಷಗಳಿಂದ ಇದೆ. ಅಂದರೆ ಯಂತ್ರಕ್ಕೆ ಸಂದರ್ಭ ತಿಳಿಯುವುದು ಅಸಾಧ್ಯವೇನಲ್ಲ. ಆದರೆ ಸಂದೇಶದ ಮೇಲೆ ಬೆರಳೊತ್ತಿದಾಗ ಸ್ಲ್ಯಾಕ್ ಮುಂದಿಡುವುದು ಇಪ್ಪತ್ತು ನಿಮಿಷವನ್ನು.

ಈಗ ನಾನು ಏನು ಮಾಡುತ್ತೇನೆಂದು ಹೇಳಿದರೆ ವಾದ ಸ್ಪಷ್ಟವಾದೀತು. ಮುಂದೂಡುವ ಮೊದಲು ಕಳಿಸಿದವರಿಗೆ ಒಂದು ಸಾಲು ಬರೆಯುತ್ತೇನೆ: “ಪತ್ರ ಮನೆಯಲ್ಲಿದೆ, ಇಂದು ರಾತ್ರಿ ಹತ್ತರೊಳಗೆ ನೋಡಿ ಹೇಳುತ್ತೇನೆ.” ಅದರಲ್ಲಿ ತಡೆ ಯಾವುದು ಎಂಬುದೂ ಗಡುವು ಯಾವಾಗ ಎಂಬುದೂ ಇರಬೇಕು. ಈ ಸಾಲನ್ನು ಬರೆಯುವಾಗಲೇ ಸಂದೇಶವನ್ನು ಸರಿಯಾಗಿ ಓದಬೇಕಾಗುತ್ತದೆ. ಆ ಮಂಗಳವಾರ ಬರೆದಿದ್ದರೆ ಶುಕ್ರವಾರ ನನ್ನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ನಂತರ ಅವರ ಸಂದೇಶವನ್ನು ಮುಂದೂಡುವ ಬದಲು ನಾನು ಮಾಡಬೇಕಾದ ಕೆಲಸವನ್ನು ನನಗೆ ನೆನಪಿಸುವಂತೆ ಬರೆದಿಡುತ್ತೇನೆ. ಸ್ಲ್ಯಾಕ್‌ನಲ್ಲಿ ಅದು ಹೀಗೆ:

```
/remind me "ನೀಲಿ ಫೈಲಿನ ಅನುಮತಿ ಪತ್ರ ನೋಡು" at 9:30pm
```

ಹೊತ್ತಿನ ಭಾಗವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು, ಉದ್ಧರಣ ಚಿಹ್ನೆಯೊಳಗೆ ಕನ್ನಡ ಇರಬಹುದು. ಒಂಬತ್ತೂವರೆ ಏಕೆಂದರೆ ಆಗ ನಾನು ಮನೆಯಲ್ಲಿರುತ್ತೇನೆ, ಊಟ ಮುಗಿದಿರುತ್ತದೆ, ಕಪಾಟು ಎದುರಿಗಿರುತ್ತದೆ; ಮಾತು ಕೊಟ್ಟ ಹತ್ತು ಗಂಟೆಗೆ ಇನ್ನೂ ಅರ್ಧ ಗಂಟೆ ಇರುತ್ತದೆ. ಮುಂದೂಡಿದ ಸಂದೇಶ ಮರಳಿ ಬಂದಾಗ ಅದು ಅವರ ಪ್ರಶ್ನೆಯಾಗಿಯೇ ಬರುತ್ತದೆ, ಮತ್ತೊಮ್ಮೆ ಮೊದಲಿನಿಂದ ಯೋಚಿಸಬೇಕಾಗುತ್ತದೆ, ಮತ್ತೊಮ್ಮೆ ಬೇಸರವಾಗುತ್ತದೆ. ಹೀಗೆ ಬರೆದಿಟ್ಟದ್ದು ಐದು ಪದಗಳ ಕೆಲಸವಾಗಿ ಬರುತ್ತದೆ.

ಮಿತ್ರರು ಎರಡು ಆಕ್ಷೇಪ ಎತ್ತುತ್ತಾರೆ. ಮೊದಲನೆಯದು, ಕೂಡಲೇ ಉತ್ತರಿಸಬೇಕೆಂಬ ಒತ್ತಾಯವೇ ನಮ್ಮ ಕಾಲದ ರೋಗ, ಸ್ನೂಜ್ ಅದರಿಂದ ಬಿಡುಗಡೆ ಕೊಡುತ್ತದೆ ಎಂಬುದು. ನಾನು ಇದನ್ನು ಪೂರ್ಣವಾಗಿ ಒಪ್ಪುತ್ತೇನೆ. ತಡವಾಗಿ ಉತ್ತರಿಸುವ ಹಕ್ಕು ಎಲ್ಲರಿಗೂ ಇದೆ, ಅರ್ಧ ತಿಳಿದು ಅವಸರದಲ್ಲಿ ಕೊಟ್ಟ ಉತ್ತರಕ್ಕಿಂತ ಎರಡು ದಿನದ ನಂತರದ ಸರಿಯಾದ ಉತ್ತರ ಮೇಲು. ನನ್ನ ತಕರಾರು ತಡದ ಬಗ್ಗೆ ಅಲ್ಲವೇ ಅಲ್ಲ. ಪುಣೆಯ ಆ ಸೋದರಿಗೆ “ಈ ವಾರ ನೋಡಲಾಗುವುದಿಲ್ಲ” ಎಂದು ಮಂಗಳವಾರವೇ ಬರೆದಿದ್ದರೂ ಆಕೆ ಶುಕ್ರವಾರ ಸಹಿ ಹಾಕಿಸಿಕೊಂಡು ಬರುತ್ತಿದ್ದರು, ಬೇಕಿದ್ದರೂ ಬೇಡದಿದ್ದರೂ. ಆಕೆಯ ಕೈಕಟ್ಟಿದ್ದು ನನ್ನ ತಡವಲ್ಲ, ನನ್ನ ಮೌನ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಲ್ಲ ಸಂದೇಶಕ್ಕೂ ಹೀಗೆ ಒಂದೊಂದು ಸಾಲು ಬರೆದರೆ ಸಂದೇಶಗಳ ಸಂಖ್ಯೆ ಎರಡು ಪಟ್ಟಾಗುತ್ತದೆ, ಗುಂಪಿನಲ್ಲಂತೂ ಗದ್ದಲವಾಗುತ್ತದೆ ಎಂದು ಚೆನ್ನೈಯ ಸ್ನೇಹಿತರೊಬ್ಬರು ವಾದಿಸಿದರು. ಗುಂಪಿನಲ್ಲಿ ಸಾಲಿನ ಬದಲು ಒಂದು ಚಿಹ್ನೆ ಸಾಕು ಎಂದು ಅನೇಕರು ಕಣ್ಣಿನ ಚಿತ್ರವನ್ನು ಅಂಟಿಸುತ್ತಾರೆ. ಅದು ಕಂಡಿದ್ದೇನೆ ಎನ್ನುತ್ತದೆ, ಯಾವಾಗ ಎಂಬುದನ್ನು ಹೇಳುವುದಿಲ್ಲ. ಏನೂ ಇಲ್ಲದಿರುವುದಕ್ಕಿಂತ ವಾಸಿ, ಗಡುವಿರುವ ಸಂದೇಶಕ್ಕೆ ಸಾಲದು. ಹಾಗೆಯೇ, ಉತ್ತರವನ್ನೇ ಬೇಡದ ಸಂದೇಶಗಳು ಎಷ್ಟೋ ಇವೆ. ಹಂಚಿಕೊಂಡ ಲೇಖನ, ಹಾಡಿನ ಕೊಂಡಿ, ನೆನಪಾದ ಹಾಸ್ಯ. ಅವನ್ನು ಬೇಕಾದಷ್ಟು ಬಾರಿ ಮುಂದೂಡಲಿ, ಮರೆಯಲಿ, ಯಾರಿಗೂ ನಷ್ಟವಿಲ್ಲ. ಪರೀಕ್ಷೆ ಸುಲಭ: ನನ್ನ ಉತ್ತರ ಬರುವವರೆಗೆ ಇವರು ಯಾವುದಾದರೂ ಕೆಲಸವನ್ನು ತಡೆದು ನಿಂತಿರುತ್ತಾರೆಯೆ? ಹೌದಾದರೆ ಸಾಲು ಬರೆಯಬೇಕು. ನನಗೆ ಬರುವ ಸಂದೇಶಗಳಲ್ಲಿ ಅಂಥವು ದಿನಕ್ಕೆ ಮೂರೋ ನಾಲ್ಕೋ ಇರುತ್ತವೆ. ಮೂರು ಸಾಲು ಬರೆಯಲಾರದಷ್ಟು ಕೆಲಸವಿರುವ ಸಾಹಿತ್ಯ ಬಳಗದ ಸದಸ್ಯರನ್ನು ನಾನಿನ್ನೂ ಕಂಡಿಲ್ಲ.

ಇನ್ನೊಂದು ಬಗೆಯ ಸಂದೇಶವಿದೆ, ಅದರ ಬಗ್ಗೆ ಹೇಳುವುದು ಸ್ವಲ್ಪ ಕಷ್ಟ. ಆ ಘಟನೆಯ ನಂತರ ನನ್ನ ಬಾಕಿ ಪಟ್ಟಿಯನ್ನು ತೆರೆದು ನೋಡಿದೆ. ನಲವತ್ತಮೂರು ಸಂದೇಶಗಳಿದ್ದವು. ಅವುಗಳಲ್ಲಿ ಹನ್ನೊಂದಕ್ಕೆ ಸಮಯವಾಗಲಿ ಕಾಗದವಾಗಲಿ ತಡೆಯಾಗಿರಲಿಲ್ಲ. ಒಬ್ಬರು ತಮ್ಮ ಕವಿತೆಗಳಿಗೆ ಮುನ್ನುಡಿ ಕೇಳಿದ್ದರು. ಕವಿತೆಗಳು ನನಗೆ ಹಿಡಿಸಿರಲಿಲ್ಲ. ಇನ್ನೊಬ್ಬರು ಸಾಲವಾಗಿ ಕೊಟ್ಟ ಪುಸ್ತಕವನ್ನು ಕೇಳಿದ್ದರು, ಅದು ಕಳೆದುಹೋಗಿತ್ತು. ಇವನ್ನು ನಾನು ತಿಂಗಳುಗಟ್ಟಲೆ ಸೋಮವಾರದಿಂದ ಸೋಮವಾರಕ್ಕೆ ದಾಟಿಸುತ್ತ ಬಂದಿದ್ದೆ. ಮೂರನೆಯ ಬಾರಿ ಅದೇ ಸಂದೇಶವನ್ನು ಮುಂದೂಡಲು ಬೆರಳು ಹೋದರೆ, ಬೇಕಾಗಿರುವುದು ಹೊತ್ತಲ್ಲ, ಧೈರ್ಯ ಎಂದು ಈಗ ತಿಳಿದುಕೊಳ್ಳುತ್ತೇನೆ. ಮುನ್ನುಡಿ ಕೇಳಿದವರಿಗೆ ಆಗುವುದಿಲ್ಲ ಎಂದು ಬರೆದೆ. ಅವರು ನಾಲ್ಕು ತಿಂಗಳ ಹಿಂದೆಯೇ ಬೇರೆಯವರಿಂದ ಬರೆಸಿಕೊಂಡು ಪುಸ್ತಕ ಅಚ್ಚು ಹಾಕಿಸಿದ್ದರು. ಪುಸ್ತಕ ಕಳೆದುಕೊಂಡದ್ದನ್ನು ಒಪ್ಪಿಕೊಂಡ ಮೇಲೆ ಅದರ ಒಡೆಯರು ಮಾತ್ರ ಇನ್ನೂ ಉತ್ತರಿಸಿಲ್ಲ. ಬಹುಶಃ ಸ್ನೂಜ್ ಮಾಡಿದ್ದಾರೆ. ಅವರಿಗೆ ಆ ಹಕ್ಕಿದೆ.

ಈ ವರ್ಷದ ಸಂಚಿಕೆಯ ಕೆಲಸ ಮುಂದಿನ ತಿಂಗಳು ಆರಂಭವಾಗುತ್ತದೆ. ಸಂಪಾದಕ ಮಂಡಳಿಯ ಮುಂದೆ ಒಂದು ಪ್ರಸ್ತಾವ ಇಟ್ಟಿದ್ದೇನೆ: ಗಡುವಿರುವ ಪ್ರಶ್ನೆ ಕೇಳುವವರು ಆ ಗಡುವನ್ನು ಸಂದೇಶದ ಮೊದಲ ಸಾಲಿನಲ್ಲೇ ಬರೆಯಲಿ, ಕೇಳಿಸಿಕೊಂಡವರು ಅದೇ ದಿನ, ಉತ್ತರವಲ್ಲದಿದ್ದರೂ, ಯಾವಾಗ ಉತ್ತರಿಸುತ್ತೇನೆಂಬುದನ್ನು ಬರೆಯಲಿ, ಗಡುವಿನ ಹಿಂದಿನ ದಿನದವರೆಗೆ ಎರಡೂ ಬಾರದಿದ್ದರೆ ಕೇಳಿದವರು ಸಂಕೋಚವಿಲ್ಲದೆ ಫೋನ್ ಮಾಡಲಿ. ಕೊನೆಯದನ್ನು ಸೇರಿಸಿದ್ದು ಪುಣೆಯ ಸೋದರಿ. ಕಳೆದ ಬಾರಿ ಬುಧವಾರವೇ ಫೋನ್ ಮಾಡಬೇಕೆನಿಸಿತ್ತಂತೆ, ಹಿರಿಯರನ್ನು ಹೇಗೆ ಅವಸರ ಮಾಡುವುದು ಎಂದು ಸುಮ್ಮನಾದರಂತೆ.